ತಂಪಾಗಿರಿ, ಕಡಿಮೆ ಪಾವತಿಸಿ: ಇಂಗ್ಲಿಷ್ ಜಾಹೀರಾತನ್ನು ಕನ್ನಡಕ್ಕೆ ತಂದವರ ಅನುಭವ

ಕೇಳಿದವರು, ತುಮಕೂರು: ಫ್ಯಾನ್ ಕಂಪನಿಯೊಂದರ 20 ಸೆಕೆಂಡಿನ ರೇಡಿಯೋ ಜಾಹೀರಾತು. ಇಂಗ್ಲಿಷಿನ ಕೊನೆಯ ಸಾಲು ‘ಸ್ಟೇ ಕೂಲ್. ಪೇ ಲೆಸ್.’ ನಾನು ‘ತಂಪಾಗಿರಿ. ಕಡಿಮೆ ಪಾವತಿಸಿ’ ಅಂತ ಬರೆದೆ. ಓದಿದರೆ ಜೀವವೇ ಇಲ್ಲ. ಗುರುವಾರ ಕೊಡಬೇಕು. ಈ ಕೆಲಸ ಮಾಡಿದವರು ಹೇಗೆ ಮಾಡಿದಿರಿ?

ಹಳೇ ಕಾಪಿರೈಟರ್, ಬೆಂಗಳೂರು: ಒಂದು ಮಿಕ್ಸಿ ಜಾಹೀರಾತಿಗೆ ನಾನು ಹನ್ನೊಂದು ದಿನ ಕೊಟ್ಟಿದ್ದೇನೆ. ಇಂಗ್ಲಿಷ್ ಸಾಲು ‘ಟಫ್ ಆನ್ ಚಟ್ನಿ. ಸಾಫ್ಟ್ ಆನ್ ಇಯರ್ಸ್.’ ನನ್ನ ಕೈಗೆ ಬಂದಾಗ ಅದು ಆಗಲೇ ಕನ್ನಡವಾಗಿತ್ತು: ‘ಚಟ್ನಿಯ ಮೇಲೆ ಕಠಿಣ, ಕಿವಿಗಳ ಮೇಲೆ ಮೃದು.’ ಚಟ್ನಿ ಮೇಲೆ ಯಾರಾದರೂ ಕಠಿಣವಾಗಿ ಇರುತ್ತಾರಾ?

ಇಂಗ್ಲಿಷ್ ಹಾಳೆ ಮುಚ್ಚಿಟ್ಟು ಅಡುಗೆಮನೆಗೆ ಹೋದೆ. ಚಟ್ನಿ ಆಗುವಾಗ ಅಮ್ಮ ಕೇಳುವುದು ಒಂದೇ ಮಾತು, ‘ನುಣ್ಣಗಾಯ್ತಾ?’ ಆ ಪದ ಸಿಕ್ಕ ಮೇಲೆ ಅದರ ಜೋಡಿ ತಾನಾಗಿ ಬಂತು. ‘ಚಟ್ನಿ ನುಣ್ಣಗೆ, ಮಿಕ್ಸಿ ತಣ್ಣಗೆ.’ ಮಾತ್ರೆ ಎಣಿಸಿ ನೋಡಿ. ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿಯ ನಡೆ ಅದು, ನಮ್ಮ ಕಿವಿಗೆ ಹೊಸದಲ್ಲ. ಇನ್ನೊಂದು, ಅಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದಲ್ವಾ? ಪೆಟ್ಟು ಬೀಳಬೇಕಾದ ಜಾಗದಲ್ಲಿ ‘ನೀಡುತ್ತದೆ’, ‘ಮಾಡುತ್ತದೆ’ ಬಂದು ಕೂತರೆ ಸಾಲು ಬಾಲ ಎಳೆಯುತ್ತದೆ. ಕೈಬಿಡಲು ಆಗದಿದ್ದರೆ ಮುಂದಕ್ಕೆ ತರಬೇಕು. ‘ಬಂತು ನೋಡಿ ಹೊಸ ಮಿಕ್ಸಿ’ ಅಂತ ಸಂತೆಯಲ್ಲಿ ಕೂಗುವವನೂ ಹೇಳುತ್ತಾನೆ.

ರೆಕಾರ್ಡಿಂಗ್ ಮುಗಿಯಿತು. ಆಮೇಲೆ ಕಂಪನಿಯ ಎಂಜಿನಿಯರ್ ಕೇಳಿದರು. ‘ಮಿಕ್ಸಿ ತಣ್ಣಗೆ ಅಂದರೆ ಮೋಟಾರ್ ಬಿಸಿಯಾಗಲ್ಲ ಅಂತ ಜನ ತಿಳಿಯುತ್ತಾರೆ. ಬಿಸಿಯಾಗುತ್ತೆ.’ ಅವರ ಮಾತು ಸರಿ. ನಾನು ಸದ್ದಿಲ್ಲದ್ದನ್ನು ಹೇಳಲು ಹೋಗಿ ಇಂಗ್ಲಿಷಿನಲ್ಲಿ ಇಲ್ಲದ ಭರವಸೆ ಕೊಟ್ಟಿದ್ದೆ. ‘ಚಟ್ನಿ ನುಣ್ಣಗೆ, ಮನೆ ತಣ್ಣಗೆ’ ಅಂತ ಬದಲಿಸಿದೆ. ಮನೆ ತಣ್ಣಗಿರಲಿ ಅಂತ ಹಿರಿಯರು ಹರಸುವ ಮಾತದು. ಮುಂಬೈ ಆಫೀಸಿನವರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿದರು. ಯಾರೋ ‘ದಿ ಹೌಸ್ ಈಸ್ ಕೋಲ್ಡ್’ ಅಂತ ಬರೆದುಕೊಟ್ಟರು. ಸಾಲು ರದ್ದು. ಆ ಮಾತನ್ನು ಯಾರು, ಯಾವಾಗ ಆಡುತ್ತಾರೆ ಅಂತ ಮೂರು ಸಾಲಿನ ವಿವರಣೆ ಬರೆದು ಒಪ್ಪಿಸಲು ನಾಲ್ಕು ದಿನ ಹೋಯಿತು. ಎರಡನೇ ರೆಕಾರ್ಡಿಂಗಿಗೆ ಧ್ವನಿ ಕೊಟ್ಟವರಿಗೆ ₹2,500, ಸ್ಟುಡಿಯೋ ಎರಡು ಗಂಟೆಗೆ ₹2,400. ನಾಲ್ಕು ಸಾವಿರದ ಒಂಬೈನೂರು, ನನ್ನ ಫೀಸಿನಿಂದಲೇ ಹಿಡಿದರು. ಈಗಲೂ ಹೊಟ್ಟೆ ಉರಿಯುತ್ತದೆ.

ಅನುವಾದಕ, ಮೈಸೂರು: ಫೀಸಾದರೂ ಸಿಕ್ಕಿತಲ್ಲ ಮೇಡಂ. ನನಗೆ ಪದಕ್ಕೆ ಒಂದೂವರೆ ರೂಪಾಯಿ. 60 ಪದದ ಸ್ಕ್ರಿಪ್ಟಿಗೆ 90 ರೂಪಾಯಿ, ಅದೂ ನಾಲ್ಕು ತಿಂಗಳ ನಂತರ. 90 ರೂಪಾಯಿಗೆ ಅಡುಗೆಮನೆಯಲ್ಲಿ ನಿಂತು ಕಾಯಲು ಆಗುತ್ತದಾ? ಬಂದದ್ದನ್ನು ಬಂದ ಹಾಗೆ ಮಾಡಿ ಕಳಿಸುತ್ತೇನೆ. ಈಗ ಎರಡು ಕಡೆ ಪದಕ್ಕೆ ಬೇಡ, ಗಂಟೆಗೆ ಕೊಡಿ ಅಂತ ಕೇಳಿದ್ದೇನೆ. ಒಬ್ಬರು ಒಪ್ಪಿದರು.

ಕೇಳಿದವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ಎಷ್ಟು ಪದ ಇದೆಯೋ ಕನ್ನಡದಲ್ಲೂ ಅಷ್ಟೇ ಇಡಿ. ಆಗ ಸಮಯ ತಪ್ಪುವುದಿಲ್ಲ. ಮೇಲಿನವರ ಸಾಲಿನಲ್ಲಿ ‘ಮನೆ’ಗೆ ಒಂದು ಮಾತ್ರೆ ಕಡಿಮೆ ಬಿತ್ತು, ‘ಮನೆಯು ತಣ್ಣಗೆ’ ಅಂದರೆ ಸರಿಹೋಗುತ್ತದೆ.

ಹಳೇ ಕಾಪಿರೈಟರ್: ಲೆಕ್ಕ ಸರಿ, ಮಾತು ತಪ್ಪು. ‘ಮನೆಯು’ ಅಂತ ಯಾವ ಮನೆಯಲ್ಲಿ ಮಾತಾಡುತ್ತಾರೆ? ಧ್ವನಿ ಕೊಟ್ಟವರು ಎರಡನೇ ಟೇಕಿನಲ್ಲಿ ‘ಮನೇ’ ಅಂತ ಸ್ವಲ್ಪ ಎಳೆದರು. ಮಾತ್ರೆ ತುಂಬಿತು. ನೀವು ಹಾಗೆ ಬರೆದು ಕಳಿಸಿದ್ದನ್ನೆಲ್ಲ ನಾವು ರಾತ್ರಿ ಕೂತು ತಿದ್ದುತ್ತೇವೆ.

ಅನುವಾದಕ, ಮೈಸೂರು: ತಿದ್ದುವುದಕ್ಕೆ ನಿಮಗೆ ದುಡ್ಡು ಕೊಡುತ್ತಾರೆ. ನನಗೆ ಅದೂ ಇಲ್ಲ.

ಸೌಂಡ್ ಎಂಜಿನಿಯರ್: ಪದ ಎಣಿಸಬೇಡಿ, ದಯವಿಟ್ಟು. ‘ಕೊಂಡುಕೊಳ್ಳಬೇಕೆಂದರೆ’ ಕೂಡ ಒಂದೇ ಪದ. ಅದೇ ನಾಲಿಗೆಗೆ ‘ಬೇಕಂದ್ರೆ’ ಸಾಕು. ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ, ಮನಸ್ಸಿನಲ್ಲಿ ಅಲ್ಲ. ನನ್ನ ಹತ್ತಿರ ಬಂದ ಒಂದು 20 ಸೆಕೆಂಡಿನ ಸ್ಕ್ರಿಪ್ಟ್ 27 ಸೆಕೆಂಡ್ ಓಡಿತ್ತು. ಬರೆದವರು ಜಿಂಗಲ್ಲಿನ ಮೂರು ಸೆಕೆಂಡ್, ಕೊನೆಯ ‘ಷರತ್ತುಗಳು ಅನ್ವಯ’ದ ಎರಡು ಸೆಕೆಂಡ್ ಕಳೆದಿರಲಿಲ್ಲ. ಮಾತಿಗೆ ಉಳಿದದ್ದು 15. ಎಲ್ಲವನ್ನೂ ಓಡಿಸಿ ಓದಿಸಿದೆವು. ಕೊನೆಯ ಸಾಲಿನ ಮೊದಲು ಬೇಕಿದ್ದ ಅರ್ಧ ಸೆಕೆಂಡಿನ ಮೌನವೂ ಹೋಯಿತು. ಆ ಮೌನ ಇಲ್ಲದಿದ್ದರೆ ಎಂಥ ಸಾಲೂ ಕಿವಿಗೆ ತಾಗುವುದಿಲ್ಲ. ಮಧ್ಯದ ಒಂದು ಇಡೀ ವಾಕ್ಯ ತೆಗೆಯಿರಿ ಅಂತ ನಾನು ಹೇಳಿದ್ದೆ. ಕೇಳಲಿಲ್ಲ.

ಹುಬ್ಬಳ್ಳಿಯವಳು: ಎಲ್ಲರೂ ನುಣ್ಣಗೆ ನುಣ್ಣಗೆ ಅನ್ನುತ್ತಿದ್ದೀರಿ. ನಮ್ಮ ಕಡೆ ಚಟ್ನಿ ಅಂದರೆ ಮೊದಲು ಶೇಂಗಾ ಚಟ್ನಿ, ಪುಡಿ. ಅದನ್ನು ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆ ಜಾಹೀರಾತು ನನಗೂ ಕೇಳಿಸಿರಬಹುದು. ಕೇಳಿದ್ದರೆ ಈ ಮಿಕ್ಸಿ ನಮ್ಮ ಚಟ್ನಿ ಕೆಡಿಸುತ್ತದೆ ಅಂತಲೇ ಅಂದುಕೊಳ್ಳುತ್ತಿದ್ದೆ. ಬೆಂಗಳೂರಿನ ಒಂದು ಅಡುಗೆಮನೆ ಕೇಳಿ ಇಡೀ ಕರ್ನಾಟಕಕ್ಕೆ ಬರೆಯುತ್ತೀರಿ.

ನಾನು ಬೀಜದ ಕಂಪನಿಗೆ ಬರೆಯುತ್ತೇನೆ. ಒಂದೇ ಸ್ಪಾಟ್ ಅನ್ನು ಎರಡು ಸಲ ಮಾಡಿಸುತ್ತೇನೆ. ಇಲ್ಲಿಗೆ ‘ತಗೋರಿ’, ಮಂಡ್ಯ ಕಡೆಗೆ ‘ತಗೊಳ್ಳಿ’. ಖರ್ಚು ಜಾಸ್ತಿ, ಹೌದು. ಒಂದು ಸಲ ಉಳಿಸಲು ಹೋಗಿ ಬೆಂಗಳೂರಿನವರ ಕೈಲಿ ಹುಬ್ಬಳ್ಳಿ ಮಾತು ಆಡಿಸಿದರು. ಪ್ರತಿ ಮಾತಿಗೂ ‘ಐತ್ರೀ’ ಸೇರಿಸಿದ್ದರು. ನಮ್ಮ ಡೀಲರುಗಳು ಫೋನ್ ಮಾಡಿ ಅಣಕಿಸ್ತೀರೇನು ಅಂತ ಬೈದರು. ಬರೆದವಳು ನಾನು, ಬೈಸಿಕೊಂಡವಳೂ ನಾನೇ.

ಹಳೇ ಕಾಪಿರೈಟರ್: ನಮಗೆ ಎರಡು ರೆಕಾರ್ಡಿಂಗಿಗೆ ಬಜೆಟ್ ಇರಲಿಲ್ಲ. ಒಂದೇ ಸಾಲು ಎಲ್ಲ ಕಡೆ ಓಡಬೇಕಿತ್ತು.

ಹುಬ್ಬಳ್ಳಿಯವಳು: ಓಡಬೇಕಿದ್ದರೆ ಚಟ್ನಿ ಬಿಟ್ಟು ಬೇರೆ ಏನಾದರೂ ಹಿಡಿಯಬೇಕಿತ್ತು. ಇಂಗ್ಲಿಷಿನವರು ಚಟ್ನಿ ಅಂದರು ಅಂತ ನೀವೂ ಚಟ್ನಿಯನ್ನೇ ಹಿಡಿದುಕೊಂಡಿರಿ. ಅದೂ ಪದಕ್ಕೆ ಪದವೇ ಅಲ್ವಾ?

ಹಳೇ ಕಾಪಿರೈಟರ್: ಚಟ್ನಿ ಕಂಪನಿಯವರ ಆಯ್ಕೆ, ನನ್ನದಲ್ಲ. ದೋಸೆ ಹಿಟ್ಟು ಮಾಡಿ ಅಂತ ಎರಡು ಸಲ ಕೇಳಿದ್ದೆ.

ಕೇಳಿದವರು, ತುಮಕೂರು: ನಮ್ಮ ಅತ್ತೆ ಫ್ಯಾನ್ ಬಗ್ಗೆ ಏನನ್ನುತ್ತಾರೆ ಅಂತ ಕೇಳಿಸಿಕೊಂಡೆ. ಎರಡೇ ಮಾತು: ಗಾಳಿ ಬರ್ತಿಲ್ಲ, ಬಿಲ್ ಜಾಸ್ತಿ ಬಂತು. ಅದನ್ನೇ ತಿರುಗಿಸಿ ‘ಗಾಳಿ ಜಾಸ್ತಿ, ಬಿಲ್ಲು ಕಮ್ಮಿ’ ಅಂತ ಬರೆದೆ. ಮೂರು ಮೂರು, ಮೂರು ಮೂರು. ನಡೆಯುತ್ತಾ?

ಸೌಂಡ್ ಎಂಜಿನಿಯರ್: ಓದಿ ನೋಡಿದೆ, ಎರಡು ಸೆಕೆಂಡೂ ಆಗಲಿಲ್ಲ. ಮೊದಲು ಅರ್ಧ ಸೆಕೆಂಡ್ ಬಿಡಿ.

ಹಳೇ ಕಾಪಿರೈಟರ್: ಕಿವಿಗೆ ಚೆನ್ನಾಗಿದೆ. ಆದರೆ ‘ಗಾಳಿ ಜಾಸ್ತಿ’ ಅಂತ ಇಂಗ್ಲಿಷ್ ಹೇಳಿಲ್ಲ. ಯಾವುದಕ್ಕಿಂತ ಜಾಸ್ತಿ ಅಂತ ಕೇಳಿದರೆ ಕಂಪನಿ ಅಳತೆಯ ದಾಖಲೆ ತೋರಿಸಬೇಕು. ಜಾಹೀರಾತು ಮಾನದಂಡ ಮಂಡಳಿಗೆ ದೂರು ಹೋದರೆ ಅವರು ಕೇಳುವುದೇ ಅದನ್ನು. ‘ಬಿಲ್ಲು ಕಮ್ಮಿ’ಗೂ ಪುರಾವೆ ಬೇಕು, ಆದರೆ ‘ಪೇ ಲೆಸ್’ ಅಂದವರ ಹತ್ತಿರ ಅದು ಇರಲೇಬೇಕು. ‘ಮೈಗೆ ತಂಪು, ಬಿಲ್ಲು ಕಮ್ಮಿ’ ಅಂತ ಮಾಡಿ. ಮಾತ್ರೆ ಅಷ್ಟೇ ಇರುತ್ತದೆ, ಹೊಸ ಭರವಸೆ ಇಲ್ಲ.

ಹುಬ್ಬಳ್ಳಿಯವಳು: ‘ಗಾಳಿ ಜಾಸ್ತಿ’ಯೇ ಜೀವಂತವಾಗಿದೆ. ದಾಖಲೆ ಇದೆಯಾ ಅಂತ ಕಂಪನಿಗೆ ಮೊದಲು ಫೋನ್ ಮಾಡಿ, ಆಮೇಲೆ ಬದಲಿಸಿ.

ಕೇಳಿದವರು, ತುಮಕೂರು: ಫೋನ್ ಮಾಡಿದೆ. ನಾಳೆ ಹೇಳುತ್ತಾರಂತೆ. ಎರಡೂ ಸಾಲು ಬರೆದಿಟ್ಟಿದ್ದೇನೆ.