40ರ ವಯಸ್ಸು, 5 ವರ್ಷದ ಟರ್ಮ್: ನೆಟ್ ಸಿಂಗಲ್ ಪ್ರೀಮಿಯಂನಲ್ಲಿ 31 ರೂಪಾಯಿ ವ್ಯತ್ಯಾಸ

ಪ್ರಶ್ನೆ: 40 ವರ್ಷದವರಿಗೆ 10 ಲಕ್ಷದ 5 ವರ್ಷದ ಟರ್ಮ್ ಪಾಲಿಸಿ, ಬಡ್ಡಿ ಶೇ 6. ನೆಟ್ ಸಿಂಗಲ್ ಪ್ರೀಮಿಯಂ, ಅಂದ್ರೆ ಖರ್ಚು, ಲಾಭ ಬಿಟ್ಟು ಬರೀ ಸಾವಿನ ಪರಿಹಾರಕ್ಕೆ ಒಂದೇ ಸಲ ಕಟ್ಟಬೇಕಾದ ಮೊತ್ತ ಕಂಡುಹಿಡಿಯಬೇಕು. ಐಎಎಲ್‌ಎಂ 2012-14 ಪಟ್ಟಿಯಿಂದ 40ರಿಂದ 44ರವರೆಗಿನ ಸಾವಿನ ದರ ತಗೊಂಡೆ: 0.001680, 0.001815, 0.001969, 0.002144, 0.002345. ಪ್ರತಿ ದರವನ್ನೂ ಅದರ ವರ್ಷಕ್ಕೆ ತಕ್ಕಂತೆ ಡಿಸ್ಕೌಂಟ್ ಮಾಡಿ ಕೂಡಿಸಿದರೆ 8,304 ರೂಪಾಯಿ ಬರುತ್ತೆ. ಕೊಟ್ಟಿರುವ ಉತ್ತರ 8,273. ಎಲ್ಲಿ ತಪ್ಪಿದೆ? ಈ ಲೆಕ್ಕ ಮಾಡಿ ರೂಢಿ ಇರುವವರು ಹೇಳಿ.

ವಿಮಾ ಏಜೆಂಟ್, ಹಾಸನ

31 ರೂಪಾಯಿ ಅಂದ್ರೆ ದಶಾಂಶ ಬಿಟ್ಟಿದ್ದರಿಂದ ಆಗಿರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಐದೂ ದರ ಕೂಡಿಸಿದರೆ 0.009953. ಅದನ್ನ 10 ಲಕ್ಷದಿಂದ ಗುಣಿಸಿ, ಒಟ್ಟಿಗೇ 5 ವರ್ಷಕ್ಕೆ ಡಿಸ್ಕೌಂಟ್ ಮಾಡಿದರೆ 7,437 ಬರುತ್ತೆ. ಅಂದಾಜಿಗೆ ಇಷ್ಟು ಸಾಕು. ಗ್ರಾಹಕರಿಗೆ ಹೇಳುವ ಪ್ರೀಮಿಯಂ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. ಕಂಪನಿಯ ಖರ್ಚು, ಕಮಿಷನ್, ಲಾಭ ಎಲ್ಲ ಇದರ ಮೇಲೆ ಕೂಡುತ್ತೆ, ಆಮೇಲೆ ಶೇ 18 ಜಿಎಸ್‌ಟಿ.

ಆಕ್ಚುರಿ ವಿಭಾಗ, ಬೆಂಗಳೂರು

ಏಜೆಂಟ್ ಸರ್ ಹೇಳಿದ್ದರಲ್ಲಿ ಖರ್ಚು, ಕಮಿಷನ್ ಮಾತು ಸರಿ. ಉಳಿದದ್ದು ಹಾಗಲ್ಲ. 7,437 ಬರಬೇಕಾದರೆ ಐದು ವರ್ಷದಲ್ಲಿ ಆಗುವ ಸಾವಿಗೆಲ್ಲ ದುಡ್ಡು ಐದನೇ ವರ್ಷದ ಕೊನೆಗೇ ಹೋಗಬೇಕು. ಮೊದಲ ವರ್ಷ ತೀರಿಕೊಂಡವರ ಮನೆಯವರಿಗೆ ಕಂಪನಿ ನಾಲ್ಕು ವರ್ಷ ಕಾಯಲು ಹೇಳುವುದಿಲ್ಲವಲ್ಲ. ಆ ದುಡ್ಡಿನ ಮೇಲೆ ಒಂದೇ ವರ್ಷದ ಬಡ್ಡಿ ಸಿಗುವುದು.

ಪ್ರಶ್ನೆ ಕೇಳಿದವರ ತಪ್ಪು ಬೇರೆ, ಅದು ದಶಾಂಶದ್ದೂ ಅಲ್ಲ. ಪಟ್ಟಿಯಲ್ಲಿ 41ರ ಎದುರು ಇರುವ 0.001815 ಅನ್ನುವುದು 41ಕ್ಕೆ ಜೀವಂತವಾಗಿ ಕಾಲಿಟ್ಟವರಲ್ಲಿ ಆ ವರ್ಷ ಸಾಯುವವರ ಪಾಲು. ಪಾಲಿಸಿ ಕೊಡುವುದು ಇವತ್ತು 40 ಇರುವವರಿಗೆ. ಅವರು ಮೊದಲು 40ನೇ ವರ್ಷ ದಾಟಬೇಕು, ಆಮೇಲೆ ಆ ದರ. ನೀವು ದರಗಳನ್ನು ನೇರವಾಗಿ ಕೂಡಿಸಿದ್ದರಿಂದ, ಮೊದಲ ವರ್ಷ ಸತ್ತವರೂ ಎರಡನೇ ವರ್ಷದ ಲೆಕ್ಕದಲ್ಲಿ ಮತ್ತೆ ಬಂದು ಕೂತರು.

ಇದು ತಪ್ಪದ ಹಾಗೆ ಮಾಡಲು ದರ ಬಿಟ್ಟು ತಲೆ ಎಣಿಸಿ. 40 ವರ್ಷದ 1,00,000 ಜನರಿಂದ ಶುರು ಮಾಡಿ. ಮೊದಲ ವರ್ಷ 168 ಸಾವು, ಉಳಿದವರು 99,832. ಎರಡನೇ ವರ್ಷದ ದರವನ್ನು ಈ 99,832ಕ್ಕೆ ಹಾಕಿದರೆ 181.20 ಸಾವು (ಲಕ್ಷಕ್ಕೇ ಹಾಕಿದ್ದರೆ 181.50 ಬರುತ್ತಿತ್ತು). ಹೀಗೇ ಮುಂದೆ ಹೋದರೆ 196.21, 213.23, 232.72. ಸಾವಿನ ಎಣಿಕೆ ಪೂರ್ಣ ಸಂಖ್ಯೆಯಾಗಲಿ ಅಂತ ಇಲ್ಲಿ ದಶಾಂಶ ಕತ್ತರಿಸಬೇಡಿ, ಕತ್ತರಿಸುವುದಿದ್ದರೆ ಕೊನೆಯ ರೂಪಾಯಿಯಲ್ಲಿ.

ಈಗ ಒಂದೊಂದು ವರ್ಷದ ಸಾವನ್ನೂ ಅಷ್ಟು ವರ್ಷಕ್ಕೆ 1.06ರಿಂದ ಭಾಗಿಸುತ್ತ ಹೋಗಿ: 158.49, 161.26, 164.74, 168.90, 173.90. ದಶಾಂಶ ಕತ್ತರಿಸದೆ ಕೂಡಿಸಿದರೆ ಮೊತ್ತ 827.30. ಇದನ್ನು ಲಕ್ಷದಿಂದ ಭಾಗಿಸಿ 10 ಲಕ್ಷದಿಂದ ಗುಣಿಸಿದರೆ 8,273. ಎಕ್ಸೆಲ್‌ನಲ್ಲಿ A ಕಾಲಂನಲ್ಲಿ ವಯಸ್ಸು, B ಕಾಲಂನಲ್ಲಿ ದರ ಇಟ್ಟುಕೊಂಡು 2ರಿಂದ 6ನೇ ಸಾಲಿನವರೆಗೆ ಹೀಗೆ:

```
C2: 100000
D2: =C2*B2
E2: =D2/1.06^(A2-39)
C3: =C2-D2
F2: =SUM(E2:E6)/C2*1000000
```

C3, D2, E2 ಮೂರನ್ನೂ 6ನೇ ಸಾಲಿನವರೆಗೆ ಎಳೆಯಿರಿ. ಇಲ್ಲಿ ಬಹಳ ಜನ ಎಡವುವುದು ಆ 39ರಲ್ಲಿ. ಅಲ್ಲಿ 40 ಹಾಕಿದರೆ ಮೊದಲ ವರ್ಷದ ಸಾವಿಗೆ ಡಿಸ್ಕೌಂಟೇ ಆಗುವುದಿಲ್ಲ, ಉತ್ತರ 8,769ಕ್ಕೆ ಏರುತ್ತದೆ. ನಿಮ್ಮ ಉತ್ತರ ಸರಿ ಉತ್ತರಕ್ಕಿಂತ ನಿಖರವಾಗಿ ಶೇ 6 ಹೆಚ್ಚಿದ್ದರೆ ತಪ್ಪು ಇದೇ ಅಂತ ಹುಡುಕದೇ ಹೇಳಬಹುದು.

ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು, ಧಾರವಾಡ

ಮೇಲಿನ ಲೆಕ್ಕ ಸರಿ ಐತಿ. ಉತ್ತರದ ಪುಟ ಇಲ್ಲದಾಗ ನಮ್ಮ ಉತ್ತರ ಸರಿಯೋ ಇಲ್ಲೋ ನೋಡಾಕ ಒಂದು ದಾರಿ ಹೇಳ್ತೀನಿ, ವಿದ್ಯಾರ್ಥಿಗಳಿಗೆ ಇದನ್ನ ಮಾಡಿಸಿದ ಮ್ಯಾಲೆ ಸೂತ್ರ ಮರೆಯೂದಿಲ್ಲ. ಒಂದು ಲಕ್ಷ ಜನರ ಪ್ರೀಮಿಯಂ ಒಂದೇ ಹುಂಡಿಗೆ ಹಾಕ್ರಿ. ಪೈಸೆ ಬಿಡದ ಲೆಕ್ಕದಾಗ 82.73 ಕೋಟಿ ಆಗ್ತದ. ವರ್ಷದ ಕೊನಿಗೆ ಶೇ 6 ಬಡ್ಡಿ ಸೇರಿ 87.69 ಕೋಟಿ. 168 ಮಂದಿಯ ಮನಿಗೆ 10 ಲಕ್ಷದಂಗ 16.80 ಕೋಟಿ ಕೊಟ್ಟರ ಉಳಿಯೂದು 70.89. ಮುಂದಿನ ವರ್ಷ ಬಡ್ಡಿ ಕೂಡಿಸಿ 18.12 ಕೋಟಿ ತಗದರ 57.03. ಆಮ್ಯಾಲೆ 40.83, ಅದರ ಮುಂದ 21.95. ಕೊನೇ ವರ್ಷ ಬಡ್ಡಿ ಸೇರಿ 23.27 ಕೋಟಿ ಇರ್ತದ, ಕೊಡೂದೂ 23.27 ಕೋಟಿನ. ಹುಂಡಿ ಖಾಲಿ.

8,304 ಹಾಕಿ ನೋಡಿದರ ಕೊನಿಗೆ ಸುಮಾರು 41.5 ಲಕ್ಷ ಉಳೀತದ. ಎರಡು ಸಲ ಎಣಿಸಿದ ಸಾವಿನ ದುಡ್ಡು ಅದು. 7,437 ಹಾಕಿದರ ಐದನೇ ವರ್ಷ ಕೊಡಾಕ ದುಡ್ಡು ಸಾಲೂದಿಲ್ಲ. ನೆಟ್ ಪ್ರೀಮಿಯಂ ಅಂದರ ಹುಂಡಿ ಸರಿಯಾಗಿ ಸೊನ್ನೆಗೆ ಬರಬೇಕು, ಮೇಲೂ ಅಲ್ಲ ಕೆಳಗೂ ಅಲ್ಲ.

ಇನ್ನೊಂದು ಮಾತು. ಈ ಪ್ರಶ್ನೆಯೊಳಗ ತಪ್ಪು 31 ರೂಪಾಯಿ ಆಗಿದ್ದು ವಯಸ್ಸು ಕಡಿಮಿ, ಅವಧಿ ಸಣ್ಣದು ಅಂತ. 60ರ ವಯಸ್ಸಿಗೆ 20 ವರ್ಷದ ಪಾಲಿಸಿ ತಗೊಂಡು ಹಿಂಗ ಮಾಡಿದರ ವ್ಯತ್ಯಾಸ ಭಾಳ ದೊಡ್ಡದಾಗ್ತದ. ಸಣ್ಣ ಲೆಕ್ಕದಾಗ ಕಣ್ಣಿಗೆ ಬೀಳದ ತಪ್ಪು ಅಂತ ಬಿಡಬ್ಯಾಡ್ರಿ.

ಗೃಹಸಾಲ ತಗೊಂಡವರು, ಮೈಸೂರು

ನನಗೂ ಸಾಲದ ಜೊತೆ ಒಂದೇ ಕಂತಿನ ಪಾಲಿಸಿ ಕೊಟ್ಟಿದ್ದಾರೆ. ವಯಸ್ಸು 40, 10 ಲಕ್ಷ, 5 ವರ್ಷ. ಪ್ರೀಮಿಯಂ 8,273ಕ್ಕಿಂತ ಸಾಕಷ್ಟು ಜಾಸ್ತಿ ಇದೆ. ಹಾಗಾದರೆ ಜಾಸ್ತಿ ವಸೂಲಿ ಮಾಡಿದ್ದಾರೆ ಅಂತ ಅರ್ಥನಾ? ವಾಪಸ್ ಕೇಳಬಹುದಾ?

ಆಕ್ಚುರಿ ವಿಭಾಗ, ಬೆಂಗಳೂರು

ಇಲ್ಲಿ ಕೇಳಿದ್ದು ಬರೀ ನೆಟ್ ಲೆಕ್ಕ ಸರ್. ಖರ್ಚು, ಕಮಿಷನ್, ಲಾಭ ಒಂದೂ ಇದರಲ್ಲಿಲ್ಲ. ಕಂಪನಿಗಳು ಈ ಪಟ್ಟಿಯ ದರವನ್ನು ಇದ್ದಂತೆಯೇ ಬಳಸುವುದೂ ಇಲ್ಲ, ತಮ್ಮ ಗ್ರಾಹಕರ ಅನುಭವ ನೋಡಿ ಅದರ ಇಂತಿಷ್ಟು ಶೇಕಡಾ ಅಂತ ಹಾಕಿಕೊಳ್ಳುತ್ತವೆ. ಹಾಗಾಗಿ ಪ್ರೀಮಿಯಂ ಹೆಚ್ಚಿದೆ ಅನ್ನುವುದೊಂದನ್ನೇ ಹಿಡಿದು ಏನೂ ಹೇಳಲು ಬರುವುದಿಲ್ಲ. ಜಿಎಸ್‌ಟಿ ವಿಷಯದಲ್ಲಿ ಮೇಲೆ ಹೇಳಿದ್ದು ಹಳೆಯದು: ವೈಯಕ್ತಿಕ ಜೀವ ವಿಮೆಗೆ 22 ಸೆಪ್ಟೆಂಬರ್ 2025ರಿಂದ ತೆರಿಗೆ ಇಲ್ಲ. ಗುಂಪು ಪಾಲಿಸಿಗೆ ಈ ವಿನಾಯಿತಿ ಸಿಗುವುದಿಲ್ಲ. ಸಾಲದ ಜೊತೆ ಬರುವ ಪಾಲಿಸಿ ಎಷ್ಟೋ ಸಲ ಗುಂಪಿನದೇ ಆಗಿರುತ್ತದೆ, ನಿಮ್ಮದು ಯಾವುದು ಅಂತ ಸರ್ಟಿಫಿಕೇಟ್ ನೋಡಿ.

ಅದೇ ಸರ್ಟಿಫಿಕೇಟಿನಲ್ಲಿ ಇನ್ನೊಂದನ್ನು ನೋಡಲೇಬೇಕು. ವಿಮಾ ಮೊತ್ತ ಕೊನೆಯವರೆಗೂ 10 ಲಕ್ಷವೇ ಇರುತ್ತದೋ, ಸಾಲ ಇಳಿದಂತೆ ಇಳಿಯುತ್ತದೋ? ಇಳಿಯುವುದಾದರೆ ಲೆಕ್ಕವೇ ಬೇರೆ. ಉದಾಹರಣೆಗೆ ಮೊತ್ತ ವರ್ಷವರ್ಷ 10, 8, 6, 4, 2 ಲಕ್ಷ ಅಂತಿರಲಿ. ಮೇಲಿನ ಐದು ಡಿಸ್ಕೌಂಟ್ ಆದ ಸಂಖ್ಯೆಗಳನ್ನು ಆಯಾ ವರ್ಷದ ಮೊತ್ತದಿಂದಲೇ ಗುಣಿಸಿ ಕೂಡಿಸಿ, ಲಕ್ಷದಿಂದ ಭಾಗಿಸಿದರೆ ನೆಟ್ ಪ್ರೀಮಿಯಂ 4,887. ಸಾವಿನ ದರ ಜಾಸ್ತಿ ಇರುವ ಕೊನೆಯ ವರ್ಷಗಳಲ್ಲೇ ಮೊತ್ತ ಕಡಿಮೆ, ಅದಕ್ಕೇ ಇಷ್ಟು ಇಳಿಯುತ್ತದೆ. ಇಎಂಐ ಸಾಲದಲ್ಲಿ ಅಸಲು ಮೊದಮೊದಲು ನಿಧಾನ ಇಳಿಯುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಇಳಿಯುವ ಮೊತ್ತದ ಪಾಲಿಸಿಯನ್ನು ಇಳಿಯದ ಪಾಲಿಸಿಯ ದರದ ಜೊತೆ ಹೋಲಿಸಿದರೆ ಆ ಹೋಲಿಕೆಯೇ ತಪ್ಪು.

ವಿಮಾ ಏಜೆಂಟ್, ಹಾಸನ

ತೆರಿಗೆ ವಿಷಯ ಒಪ್ಕೊಂಡೆ, ನಾನು ಗುಂಪು ಪಾಲಿಸಿ ಜಾಸ್ತಿ ನೋಡೋದು. ಆದರೆ 8,273 ಕೂಡ ಸರಿ ಅನ್ನಿಸ್ತಿಲ್ಲ. ವರ್ಷದ ಕೊನೆವರೆಗೆ ಯಾರು ಕಾಯ್ತಾರೆ? ಕ್ಲೇಮ್ ಪೇಪರ್ ಸರಿ ಇದ್ರೆ ಕಂಪನಿ ವರ್ಷದ ಮಧ್ಯದಲ್ಲೇ ದುಡ್ಡು ಕೊಡುತ್ತೆ.

ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು, ಧಾರವಾಡ

ಇದು ಒಪ್ಪೂವಂಥ ಮಾತು. ಸಾವು ವರ್ಷದುದ್ದಕ್ಕೂ ಹರಡಿರ್ತಾವ ಅಂತ ಹಿಡದರ ಸರಾಸರಿ ಅರ್ಧ ವರ್ಷ ಮೊದಲ ದುಡ್ಡು ಹೋಗ್ತದ. 8,273ನ್ನ 1.06ರ ವರ್ಗಮೂಲದಿಂದ ಗುಣಿಸಿದರ 8,518. ಪ್ರಶ್ನೆಯೊಳಗ 'ವರ್ಷದ ಕೊನೆಯಲ್ಲಿ ಪಾವತಿ' ಅಂತಿದ್ದರ 8,273, 'ಸತ್ತ ಕೂಡಲೇ ಪಾವತಿ' ಅಂತಿದ್ದರ 8,518ರ ಹತ್ತಿರ. ಎರಡೂ ಇಲ್ಲಂದರ ಯಾವುದು ಹಿಡದೀವಿ ಅನ್ನೂದನ್ನ ಉತ್ತರದಾಗ ಬರೀರಿ.

ಆಕ್ಚುರಿ ವಿಭಾಗ, ಬೆಂಗಳೂರು

ಪರೀಕ್ಷೆಗೆ ಅಷ್ಟು ಸಾಕು. ಕಚೇರಿಯ ಕೆಲಸದಲ್ಲಾದರೆ ನಾನು ಅರ್ಧ ವರ್ಷಕ್ಕೂ ಕ್ಲೇಮ್ ಇತ್ಯರ್ಥವಾಗಲು ಹಿಡಿಯುವ ಸಮಯವನ್ನು ಕೂಡಿಸಿಯೇ ಲೆಕ್ಕ ಹಾಕುತ್ತೇನೆ, 8,518 ಕೂಡ ಸ್ವಲ್ಪ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ವಯಸ್ಸಿನಿಂದ. 40 ವರ್ಷ 8 ತಿಂಗಳಾದವರನ್ನು ಕಳೆದ ಹುಟ್ಟುಹಬ್ಬದ ಲೆಕ್ಕದಲ್ಲಿ 40 ಅಂತೀವಿ, ಹತ್ತಿರದ ಹುಟ್ಟುಹಬ್ಬದ ಲೆಕ್ಕದಲ್ಲಿ 41. ಪಟ್ಟಿಯಲ್ಲಿ 45ರ ದರ 0.002579. 41ರಿಂದ 45ರವರೆಗೆ ಇದೇ ಲೆಕ್ಕ ಮಾಡಿದರೆ 9,013 ಬರುತ್ತದೆ, 740 ರೂಪಾಯಿ ಜಾಸ್ತಿ. ಬಡ್ಡಿ ಶೇ 6ರ ಬದಲು 7 ಹಿಡಿದರೂ ಇಷ್ಟು ಬದಲಾಗುವುದಿಲ್ಲ, 8,040ಕ್ಕೆ ಇಳಿಯುತ್ತದೆ ಅಷ್ಟೇ. ಅವಧಿ ಸಣ್ಣದಿರುವಾಗ ಬಡ್ಡಿ ದರಕ್ಕಿಂತ ಮೊದಲು ವಯಸ್ಸಿನ ಸಾಲು ಸರಿ ಇದೆಯಾ ನೋಡಿ.

ಪ್ರಶ್ನೆ ಕೇಳಿದವರು

ಹಾಳೆಯಲ್ಲಿ ಉಳಿದವರ ಕಾಲಂ ಸೇರಿಸಿದೆ, 8,272.99 ಬಂತು. ಹುಂಡಿ ಲೆಕ್ಕವೂ ಸೊನ್ನೆಗೆ ಬಂತು. ಮುಂದಿನ ಪ್ರಶ್ನೆಯಲ್ಲಿ ಜನ್ಮದಿನಾಂಕ ಮಾತ್ರ ಕೊಟ್ಟಿದ್ದಾರೆ, ವಯಸ್ಸು 40 ವರ್ಷ 7 ತಿಂಗಳು ಆಗುತ್ತೆ. ಯಾವ ಹುಟ್ಟುಹಬ್ಬ ಅಂತ ಹೇಳಿಲ್ಲ. 40 ಹಿಡಿಯಲಾ, 41 ಹಿಡಿಯಲಾ?

ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು, ಧಾರವಾಡ

ನಾನಾದರ 40 ಹಿಡೀತೀನಿ, ಮುಗಿದ ವರ್ಷ ಅದ.

ಆಕ್ಚುರಿ ವಿಭಾಗ, ಬೆಂಗಳೂರು

ನಾನು 41 ಹಿಡಿಯುತ್ತೇನೆ, 40ರ ಸಾಲು ಹಿಡಿದರೆ ಇವರಿಗೆ ಪ್ರೀಮಿಯಂ ಕಡಿಮೆ ಬೀಳುತ್ತದೆ. ಅದಕ್ಕೂ ಒಳ್ಳೆಯದು ಎರಡೂ ಸಾಲಿನ ಪ್ರೀಮಿಯಂ ತೆಗೆದು, 7 ತಿಂಗಳಿಗೆ ತಕ್ಕಂತೆ ನಡುವಿನ ಸಂಖ್ಯೆ ಹಿಡಿಯುವುದು: 8,273ಕ್ಕೆ 740ರ 12ರಲ್ಲಿ 7 ಪಾಲು ಕೂಡಿಸಿದರೆ ಸುಮಾರು 8,705. ಪ್ರಶ್ನೆ ಕೊಟ್ಟವರು ಇದನ್ನು ಒಪ್ಪುತ್ತಾರಾ ಅಂತ ಅವರನ್ನೇ ಕೇಳಿ.