ಎಕ್ಸ್‌ಪೈರಿ ದಿನ ಎಷ್ಟು ಲಾಟ್? ಮೇಡಂ ಜೊತೆ ಪ್ರಶ್ನೋತ್ತರ

ಹಾಸನದ ಸದಸ್ಯ: ಮೇಡಂ, ಖಾತೆಯಲ್ಲಿ 2 ಲಕ್ಷ ಇದೆ. ದಿನಕ್ಕೆ 3,000 ಹೋದರೆ ತಡ್ಕೋತೀನಿ. ಮಂಗಳವಾರ ನಿಫ್ಟಿ ಕಾಲ್ 40 ರೂಪಾಯಿಗೆ ಸಿಕ್ಕರೆ, 20ಕ್ಕೆ ಸ್ಟಾಪ್ ಲಾಸ್ ಇಟ್ಟು ಎರಡು ಲಾಟ್ ತಗೋಬಹುದಾ?

ಮೇಡಂ: ಒಂದೇ ಲಾಟ್ ತಗೊಳ್ಳಿ. ನಿಮ್ಮ ಲೆಕ್ಕ ನನಗೆ ಗೊತ್ತಾಯಿತು: 20 ರೂಪಾಯಿ ನಷ್ಟ, 65ರ ಲಾಟ್, ಅಂದರೆ ಲಾಟಿಗೆ 1,300, ಎರಡಕ್ಕೆ 2,600. ಆದರೆ ಆಪ್ಷನ್‌ನಲ್ಲಿ ಸ್ಟಾಪ್ ಲಾಸ್‌ಗೆ ಲಿಮಿಟ್ ಬೆಲೆಯನ್ನೂ ಕೊಡಬೇಕು. ಟ್ರಿಗರ್ 20, ಲಿಮಿಟ್ 18 ಅಂತಿಟ್ಟುಕೊಳ್ಳಿ. ಬೆಲೆ 21ರಿಂದ ನೇರ 14ಕ್ಕೆ ಇಳಿದರೆ ನಿಮ್ಮ ಆರ್ಡರ್ 18ರಲ್ಲೇ ಕಾಯುತ್ತಾ ಕೂರುತ್ತದೆ. ಆರ್ಡರ್ ಇನ್ನೂ ಬಾಕಿ ಅಂತ ಕಾಣುತ್ತಿದ್ದು ಬೆಲೆ ಅದರ ಕೆಳಗಿದ್ದರೆ, ಸ್ಟಾಪ್ ಕೈಕೊಟ್ಟಿದೆ ಅಂತಲೇ ಅರ್ಥ. ಆಗ ಎರಡೂ ಲಾಟ್ ಸೊನ್ನೆಗೆ ಹೋದರೆ 5,200 ಹೋಯಿತು.

ಅದಕ್ಕೇ ಪೂರ್ತಿ ಪ್ರೀಮಿಯಂ ಹೋಯಿತು ಅಂತಲೇ ಅಳೆಯಿರಿ. 40 × 65 = 2,600. ಒಂದು ಲಾಟ್ ನಿಮ್ಮ ಮಿತಿಯೊಳಗಿದೆ. ಅದೇ ಕಾಲ್ 60 ಇದ್ದರೆ 3,900, ಆವತ್ತು ಬಿಟ್ಟುಬಿಡಿ. ಸ್ಟಾಪ್ ಇಡಬೇಡಿ ಅನ್ನುತ್ತಿಲ್ಲ, ಅದನ್ನು ನಂಬಿ ಲಾಟ್ ಹೆಚ್ಚಿಸಬೇಡಿ.

ಸಮಯವನ್ನೂ ನೋಡಿ. ಸೂಚ್ಯಂಕ ಅಲ್ಲಾಡದೇ ನಿಂತರೆ, ಹತ್ತಿರದ ಸ್ಟ್ರೈಕ್‌ನ ಬೆಲೆ ಉಳಿದ ಸಮಯದ ವರ್ಗಮೂಲದಂತೆ ಕರಗುತ್ತದೆ. 9:30ಕ್ಕೆ 80 ಇದ್ದದ್ದು 2 ಗಂಟೆಗೆ ಸುಮಾರು 40, ಮೂರು ದಾಟುತ್ತಲೇ 20. ದೂರದ ಸ್ಟ್ರೈಕ್ ಇನ್ನೂ ಬೇಗ ಸೊನ್ನೆಯಾಗುತ್ತದೆ.

ತುಮಕೂರಿನ ಸದಸ್ಯ: ಹಾಗಾದರೆ 5 ರೂಪಾಯಿದು ಒಂಬತ್ತು ಲಾಟ್ ತಗೊಂಡರೂ 2,925 ತಾನೇ?

ಮೇಡಂ: ಲೆಕ್ಕ ಸರಿ. ಆದರೆ ಅಂಥದ್ದು ಹೆಚ್ಚಿನ ಸಲ ಸೊನ್ನೆಯೇ. ಅದು ಸೊನ್ನೆಯಾದಾಗ ಮತ್ತೆ 2,925 ಹಾಕೋದೇ ನಿಜವಾದ ತಪ್ಪು. 3,000 ದಿನದ ಮಿತಿ, ಒಂದು ಖರೀದಿಯದ್ದಲ್ಲ.

ಶಿವಮೊಗ್ಗದ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ: 2:30ಕ್ಕೆ ತಗೊಳ್ಳಿ, ಬಿದ್ದರೆ ಡಬಲ್ ಮಾಡಿ, ಒಂದು ಸಲ ಗೆದ್ದರೆ ಎಲ್ಲ ವಾಪಸ್.

ಮೇಡಂ: ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ. 3,000, 6,000, 12,000, 24,000, 48,000. ಐದು ಸೋಲಿಗೆ 93,000. ಹಾಸನದವರ 2 ಲಕ್ಷದ ಖಾತೆಯಲ್ಲಿ ಅರ್ಧ ಹತ್ತಿರ ಖಾಲಿ.

ಧಾರವಾಡದ ಸದಸ್ಯ: ಖರೀದಿ ಯಾಕ್ರೀ? ನಾನು ಮಾರ್ತೀನಿ. ಕರಗಿದ್ದೆಲ್ಲ ನನ್ನದೇ.

ತುಮಕೂರಿನ ಸದಸ್ಯ: 150 ಪಾಯಿಂಟ್ ಎದ್ದರೆ ಏನು ಮಾಡ್ತೀರಿ?

ಧಾರವಾಡದ ಸದಸ್ಯ: ಮೂರು ತಿಂಗಳಿಂದ ಎದ್ದಿಲ್ಲ.

ತುಮಕೂರಿನ ಸದಸ್ಯ: ಇದು ಉತ್ತರ ಅಲ್ಲ ಸ್ವಾಮಿ.

ಮೇಡಂ: ಇಬ್ಬರೂ ನಿಲ್ಲಿಸಿ. ಕೇಳಿದ್ದು ಖರೀದಿ ಬಗ್ಗೆ. ಮಾರುವವರ ನಷ್ಟ ಪ್ರೀಮಿಯಂಗೆ ನಿಲ್ಲುವುದಿಲ್ಲ, ಈ ಅಳತೆ ಅಲ್ಲಿ ನಡೆಯದು.

ಬಳ್ಳಾರಿಯ ಸದಸ್ಯೆ: ಗುರುವಾರ ಸೆನ್ಸೆಕ್ಸ್‌ಗೂ ಇದೇನಾ?

ಮಂಡ್ಯದ ಸದಸ್ಯ: 2 ಲಕ್ಷಕ್ಕೆ ಎಷ್ಟು ಲಾಟ್ ಮೇಡಂ?

ಮೇಡಂ: ಮೇಲೆ ಇದೆ. ಓದಿ.