ಎರಡೂ ಭಾಷೆ ಅರ್ಧಂಬರ್ಧ ಅನಿಸಿದಾಗ: ಓದುಗರ ಸ್ಪಂದನ

*ಕಳೆದ ವಾರ ಓದುಗರೊಬ್ಬರು ಬರೆದಿದ್ದರು: "ಹಾಸನ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ ಕೃಷಿ ಸಾಲ ನೋಡಿಕೊಳ್ಳುತ್ತೇನೆ. ರೈತರ ಜೊತೆ ಮಾತಾಡುವಾಗ ಕನ್ನಡದೊಳಗೆ ಇಂಗ್ಲಿಷ್ ನುಗ್ಗುತ್ತದೆ. ರೀಜನಲ್ ಆಫೀಸಿನ ಕಾಲ್‌ನಲ್ಲಿ ಇಂಗ್ಲಿಷ್ ತಡವರಿಸಿ ಕನ್ನಡ ಬಂದುಬಿಡುತ್ತದೆ. ನನಗೆ ಎರಡೂ ಸರಿಯಾಗಿ ಬರಲ್ಲ ಅನಿಸುತ್ತದೆ."*

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಶಿವಮೊಗ್ಗ

ತಂಗೀ, ನಾನೂ ಇದೇ ಕೆಲಸ ಮಾಡಿದವನು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಡಕುಗಳು ಸೇರಿಕೊಂಡಿವೆ.

ಮೊದಲು ರೈತರ ವಿಷಯ. ಲೋನ್, ಅಕೌಂಟ್, ಸಬ್ಸಿಡಿ ಎಲ್ಲ ಅವರ ಬಾಯಲ್ಲೇ ಇವೆ. ಅವನ್ನು ಬಿಡೋಕೆ ಹೋಗಬೇಡಿ. ಆದರೆ "ಅಕೌಂಟ್ ಓವರ್‌ಡ್ಯೂ ಆಗಿದೆ, ಇನ್ಸೆಂಟಿವ್ ಸಿಗಲ್ಲ, ಎನ್‌ಪಿಎ ಆಗುತ್ತೆ" ಅಂದಾಗ ಎದುರಿನವರು ಸುಮ್ನೆ ತಲೆ ಆಡಿಸುತ್ತಾರೆ. ಅರ್ಥವಾಯಿತು ಅಂದುಕೊಳ್ಳಬೇಡಿ. "ಹಾಗಾದ್ರೆ ಎಷ್ಟು ಕಟ್ಟಬೇಕು, ಯಾವತ್ತು?" ಅಂತ ತಿರುಗಿ ಕೇಳಿ. ಉತ್ತರ ಬಂದರೆ ನಿಮ್ಮ ಬೆರಕೆ ಮಾತು ಕೆಲಸ ಮಾಡಿದೆ. ಬರದಿದ್ದರೆ ಲೆಕ್ಕ ಬಿಡಿಸಿ ಹೇಳಿ: "ಯಜಮಾನ್ರೇ, 1 ಲಕ್ಷ ಬೆಳೆಸಾಲಕ್ಕೆ ವರ್ಷದ ಬಡ್ಡಿ 7,000. ಗಡುವಿನೊಳಗೆ ಕಟ್ಟಿದ್ರೆ 3,000 ಸರ್ಕಾರದ ರಿಯಾಯಿತಿ, ನಿಮಗೆ ಬೀಳೋದು 4,000. ಗಡುವು ದಾಟಿದ್ರೆ ಆ 3,000 ಕೈಬಿಟ್ಟು ಹೋಗುತ್ತೆ. ರಾಗಿಯಂಥ ಬೆಳೆಗೆ ತಗೊಂಡ ಸಾಲ ಎರಡು ಹಂಗಾಮು ಬಾಕಿ ಉಳಿದ್ರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತೆ." ಇಷ್ಟನ್ನು ಹೇಳೋಕೆ ಬರುತ್ತದಲ್ವಾ? ಹಾಗಿದ್ದರೆ ನಿಮ್ಮ ಕನ್ನಡಕ್ಕೆ ಕೊರತೆಯಿಲ್ಲ. ದಿನವಿಡೀ ಇಂಗ್ಲಿಷ್ ಸುತ್ತೋಲೆ ಓದಿ ಅದರ ಮಾತು ನಾಲಿಗೆಗೆ ಮೊದಲು ಬರುತ್ತಿದೆ, ಅಷ್ಟೇ.

ಇನ್ನು ಆಫೀಸಿನ ಕಾಲ್. ಅಲ್ಲಿ ನೀವು ಬ್ಯಾಂಕಿನ ಪದಗಳಿಗೆ ತಡವರಿಸುತ್ತಿರಲಿಕ್ಕಿಲ್ಲ. "ಯಾಕೆ ಕಟ್ಟಿಲ್ಲ?" ಅಂತ ಕೇಳಿದಾಗ ಮಾತು ನಿಲ್ಲುತ್ತದೆ, ಹೌದಾ? ಶುಂಠಿಗೆ ರೇಟ್ ಬಿದ್ದಿದ್ದು, ಅಣ್ಣತಮ್ಮಂದಿರ ಭಾಗದ ಜಗಳ, ಎಲ್ಲ ನೀವು ಕೇಳಿದ್ದು ಕನ್ನಡದಲ್ಲಿ. ಅದಕ್ಕೇ ಕನ್ನಡದಲ್ಲೇ ಹೊರಗೆ ಬರುತ್ತದೆ. ಕಾಲ್‌ಗೆ ಮುಂಚೆ ಒಂದೊಂದು ಖಾತೆಗೂ ಮೂರು ವಿಷಯ ಚೀಟಿಯಲ್ಲಿ ಇಂಗ್ಲಿಷ್‌ನಲ್ಲೇ ಬರೆದುಕೊಳ್ಳಿ: ಬಾಕಿ ಎಷ್ಟು, ಕಾರಣ ಏನು, ಯಾವಾಗ ಬರುತ್ತದೆ. "ಬ್ರದರ್ಸ್ ಹ್ಯಾವ್ ಎ ಪಾರ್ಟಿಷನ್ ಡಿಸ್ಪ್ಯೂಟ್. ಹಿ ವಿಲ್ ಪೇ ಆಫ್ಟರ್ ಸೆಲ್ಲಿಂಗ್ ಜಿಂಜರ್." ಇಷ್ಟು ಸಾಕು. ಕಾರಣಗಳು ತುಂಬಾ ಇರಲ್ಲ. ಮಳೆ, ರೇಟ್, ಭಾಗ, ಕಾಯಿಲೆ, ಮದುವೆ, ಇವೇ ಮತ್ತೆ ಮತ್ತೆ ಬರುತ್ತವೆ. ಕೆಲವು ವಾರದಲ್ಲಿ ಚೀಟಿ ನೋಡದೆಯೂ ಹೇಳುತ್ತೀರಿ.

ಭಾಷಾಶಾಸ್ತ್ರದ ಅಧ್ಯಾಪಕಿ, ಮೈಸೂರು

ಬೆರೆಸಿ ಮಾತಾಡುವವರಿಗೆ ಎರಡೂ ಬರಲ್ಲ ಅನ್ನೋ ನಂಬಿಕೆಯನ್ನು ಶಾನಾ ಪೊಪ್ಲಾಕ್ ಅನ್ನುವ ಭಾಷಾಶಾಸ್ತ್ರಜ್ಞೆ ಪರೀಕ್ಷೆ ಮಾಡಿದ್ದರು. ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದವರು ಸ್ಪ್ಯಾನಿಷ್–ಇಂಗ್ಲಿಷ್ ಬೆರೆಸುವ ರೀತಿಯ ಬಗ್ಗೆ ಅವರು 1980ರಲ್ಲಿ ಬರೆದರು. ವಾಕ್ಯದ ಒಳಗೇ ಭಾಷೆ ಬದಲಿಸುತ್ತಿದ್ದವರು ಹೆಚ್ಚಾಗಿ ಎರಡೂ ಭಾಷೆ ಚೆನ್ನಾಗಿ ಬಲ್ಲವರು. ಒಂದು ಭಾಷೆ ಅಷ್ಟಾಗಿ ಬಾರದವರು ವಾಕ್ಯದ ತುದಿಯಲ್ಲಿ "ಗೊತ್ತಲ್ಲ", "ಅಲ್ವಾ" ಅನ್ನೋ ಥರದ ಚೂರುಗಳನ್ನಷ್ಟೇ ಸೇರಿಸುತ್ತಿದ್ದರು.

ನಿಮ್ಮ ಮಾತನ್ನೇ ಗಮನಿಸಿ. "ಫೈಲನ್ನು ಅಪ್ರೂವ್ ಮಾಡಿ ಮ್ಯಾನೇಜರ್‌ಗೆ ಕಳಿಸಿದ್ದೀನಿ" ಅಂತೀರಿ. "ಅಪ್ರೂವಿ ಕಳಿಸಿದ್ದೀನಿ" ಅಂತ ಯಾರೂ ಅನ್ನಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ 'ಮಾಡು' ಅಥವಾ 'ಆಗು' ಬೇಕು, ನಾಮಪದಕ್ಕೆ ನಮ್ಮ ವಿಭಕ್ತಿ ಬೇಕು. ಈ ಕಟ್ಟು ತಪ್ಪದೆ ಬರುತ್ತಿದೆ ಅಂದರೆ ವಾಕ್ಯವನ್ನು ಹಿಡಿದಿರುವುದು ಕನ್ನಡವೇ.

ಕೊರತೆ ಇರುವ ಜಾಗವೂ ಇರುತ್ತದೆ. ಅದು ಗೊತ್ತಾಗುವುದು ಬೆರಕೆಯಿಂದ ಅಲ್ಲ, ನಿಲ್ಲುವುದರಿಂದ. ಭಾಷೆ ಬದಲಾಗುವ ಮುಂಚೆ "ಅದೇ... ಏನಂತಾರೆ..." ಅಂತ ಹುಡುಕುತ್ತಿದ್ದರೆ ಆ ಜಾಗ ಗುರುತು ಹಾಕಿಕೊಳ್ಳಿ. ಕಲಿಯಬೇಕಾದ್ದು ಅಷ್ಟೇ, ಇಡೀ ಭಾಷೆಯಲ್ಲ.

ರೀಜನಲ್ ಆಫೀಸಿನ ಉದ್ಯೋಗಿ, ಮಂಗಳೂರು

ಆ ಕಾಲ್‌ನ ಇನ್ನೊಂದು ತುದಿಯಲ್ಲಿ ಕೂರುವವಳು ನಾನು. ನಮಗೆ ಬೇಕಾದ್ದು ಮೊತ್ತ ಮತ್ತು ತಾರೀಕು. ಕಾರಣ ಕನ್ನಡದಲ್ಲಿ ಬಂದರೆ ಕನ್ನಡ ಗೊತ್ತಿರುವ ನಮಗೆ ಅನುಕೂಲವೇ, ಎಷ್ಟೋ ಸಲ ಜಾಸ್ತಿ ವಿವರ ಸಿಗುತ್ತದೆ. ಕಾಲ್‌ನಲ್ಲಿ ಬೇರೆ ರಾಜ್ಯದ ಅಧಿಕಾರಿ ಇದ್ದರೆ ಮಾತ್ರ ಕೊನೆಗೊಂದು ಸಾಲು ಇಂಗ್ಲಿಷ್‌ನಲ್ಲಿ ಸೇರಿಸಿ.

ಆದರೆ ತಪಾಸಣೆ ವರದಿಯಲ್ಲಿ ಬೆರಕೆ ಬೇಡ. ಅದನ್ನು ಮುಂದೆ ಆಡಿಟರ್ ಓದುತ್ತಾರೆ, ಆಗ ಕೇಳೋಕೆ ನೀವು ಪಕ್ಕದಲ್ಲಿ ಇರಲ್ಲ. "ಭಾಗ ಆಗಿಲ್ಲ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದ ವರದಿಗಳು ಸ್ಪಷ್ಟನೆ ಕೇಳಿ ಶಾಖೆಗೆ ವಾಪಸ್ ಹೋಗಿದ್ದನ್ನು ನೋಡಿದ್ದೇನೆ. ಶಿವಮೊಗ್ಗದವರು ಹೇಳಿದ ಆ ಚೀಟಿಯ ಸಾಲುಗಳನ್ನು ಇಟ್ಟುಕೊಳ್ಳಿ. ವರದಿ ಬರೆಯುವಾಗ ಅವನ್ನೇ ಇಳಿಸಬಹುದು.